ಕೋಮಲ್ ಮೇಲೆ ಒಬ್ಬಟ್ಟು

ನಮ್ಮ ತಂಡದ ಅರ್ಧ ಜನ ಬೆಂಗಳೂರಿನಲ್ಲಿ, ಇನ್ನರ್ಧ ಜನ ಮೆಕ್ಸಿಕೋದ ಗ್ವಾದಲಹಾರ ನಗರದಲ್ಲಿ. ಯುಗಾದಿಗೆಂದು ರಜೆ ಹಾಕಿದಾಗ ಅಲ್ಲಿನ ಸಹೋದ್ಯೋಗಿಯೊಬ್ಬಳು ಕೇಳಿದ್ದು ಇದು ಯಾವ ಹಬ್ಬ ಅಂತಲ್ಲ, ಇದರ ತಾರೀಖು ಯಾಕೆ ಹೀಗೆ ಓಡಾಡುತ್ತೆ ಅಂತ. 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19, 2027ಕ್ಕೆ ನೋಡಿದರೆ ಏಪ್ರಿಲ್ 7. ಹೊಸ ವರ್ಷ ಅಂದಮೇಲೆ ಒಂದು ದಿನಕ್ಕೆ ನಿಲ್ಲಬೇಡವೇ ಎಂಬುದು ಆಕೆಯ ತರ್ಕ.

ಪಂಚಾಂಗ ಬಿಡಿಸಿಕೊಂಡು ಕೂರುವ ಅಗತ್ಯ ಬೀಳಲಿಲ್ಲ. ಸ್ಪ್ಯಾನಿಷ್ ಆಡುವ ನಾಡುಗಳಲ್ಲಿ ವರ್ಷದ ದೊಡ್ಡ ರಜೆಗಳಲ್ಲೊಂದು 'ಸೆಮಾನಾ ಸಾಂತಾ', ಅಂದರೆ ಈಸ್ಟರ್‌ಗೆ ಮುಂಚಿನ ಪವಿತ್ರ ವಾರ. ಅದೂ ಹೀಗೇ ಓಡಾಡುತ್ತದೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. ನಮ್ಮದು ಅಮಾವಾಸ್ಯೆ ಕಳೆದ ಮರುದಿನ, ಚೈತ್ರ ಶುದ್ಧ ಪಾಡ್ಯ. 'ದೆಪೆಂದೆ ದೆ ಲಾ ಲೂನಾ, ಕೋಮೋ ಲಾ ಸೆಮಾನಾ ಸಾಂತಾ' ಎಂದೆ. ಚಂದ್ರನನ್ನು ನೋಡಿಕೊಂಡು ಬರುತ್ತದೆ, ನಿಮ್ಮ ಸೆಮಾನಾ ಸಾಂತಾದ ಹಾಗೆ. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ ಸುಮಾರು 354 ದಿನ ಮಾತ್ರ, ಹಾಗಾಗಿ ಹಬ್ಬ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹೀಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಬಂದೀತು. ಅದಕ್ಕೇ ಮೂರು ವರ್ಷದೊಳಗೆ ಒಂದು ಅಧಿಕ ಮಾಸ ಸೇರಿಸುತ್ತಾರೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದಿದ್ದರಿಂದಲೇ 2027ರ ಯುಗಾದಿ ಏಪ್ರಿಲ್‌ಗೆ ಜಿಗಿದದ್ದು. ಇಷ್ಟು ಹೇಳಿದರೆ ತಾರೀಖಿನ ವಿಷಯ ಮುಗಿಯಿತು. ಅರವತ್ತು ಸಂವತ್ಸರಗಳ ಹೆಸರು ಹೇಳಲು ಹೋಗುವುದು ಬೇಡ. ಅವು ನಮಗೇ ಬಾಯಿಗೆ ಬರುವುದಿಲ್ಲ.

ತೋರಣ, ಎಣ್ಣೆ ಸ್ನಾನ, ಹೊಸ ಬಟ್ಟೆ ಇವೆಲ್ಲ ಒಂದೊಂದು ವಾಕ್ಯದಲ್ಲಿ ದಾಟುತ್ತವೆ. ಮನೆಯ ಹಿರಿಯರ ಕಾಲಿಗೆ ಬೀಳುವುದನ್ನು ಹೇಗೆ ಹೇಳುವುದು ಎಂದು ನಾನು ತಡವರಿಸಬೇಕಾಗಿತ್ತು, ಆದರೆ ಆಕೆಗೆ ಅದು ಮೊದಲೇ ಗೊತ್ತಿತ್ತು. ಮೆಕ್ಸಿಕೋದಲ್ಲಿ ಮನೆ ಬಿಟ್ಟು ದೂರ ಹೊರಟ ಮಕ್ಕಳ ಹಣೆಯ ಮೇಲೆ ಅಮ್ಮನೋ ಅಜ್ಜಿಯೋ ಶಿಲುಬೆಯ ಗುರುತು ಎಳೆದು ಹರಸುತ್ತಾರೆ. ವೆನೆಜುವೆಲಾದಲ್ಲಂತೂ ಮಕ್ಕಳು ದಿನಾ ಅಪ್ಪ-ಅಮ್ಮನನ್ನು ಮಾತಾಡಿಸುವುದೇ 'ಬೆಂದಿಸ್ಯೋನ್' ಎಂದು ಆಶೀರ್ವಾದ ಕೇಳಿ. 'ಪೆದಿಮೋಸ್ ಲಾ ಬೆಂದಿಸ್ಯೋನ್', ಅಂದರೆ ಆಶೀರ್ವಾದ ಕೇಳುತ್ತೇವೆ ಎಂದರೆ ಸಾಕು. ಬಗ್ಗುವುದು, ಕಾಲು ಮುಟ್ಟುವುದು ಬರೀ ನಡೆಯ ವಿವರ.

ಬೇವು-ಬೆಲ್ಲಕ್ಕೆ ಬಂದಾಗ ಸ್ವಲ್ಪ ನಿಧಾನಿಸಬೇಕು. ಇಂಟರ್‌ನೆಟ್ ನೋಡಿ ಬಂದವರು ಆರು ರುಚಿಗಳ ಪಚ್ಚಡಿಯ ಕಥೆ ಹೇಳುತ್ತಾರೆ. ಅದು ಆಂಧ್ರ-ತೆಲಂಗಾಣದ ಪದ್ಧತಿ. ಹಳೇ ಮೈಸೂರಿನ ಕಡೆ ಎಳೆ ಬೇವಿನ ಚಿಗುರು, ಹೂವು, ಬೆಲ್ಲ, ಇಷ್ಟೇ. ಉತ್ತರ ಕರ್ನಾಟಕದಲ್ಲಿ ಅದೇ ಬೇವು ಕುಡಿಯುವ ಪದಾರ್ಥವಾಗುತ್ತದೆ: ಬೇವಿನ ಹೂವು, ಬೆಲ್ಲ, ಹುಣಸೆ, ಮಾವಿನಕಾಯಿ, ಪುಟಾಣಿ ಹಿಟ್ಟು, ಕೆಲವರ ಮನೆಯಲ್ಲಿ ಹಣ್ಣು-ಒಣಹಣ್ಣು ಎಲ್ಲ ಕೂಡಿ ಒಂದು ಪಾನಕ. ಕರಾವಳಿಯ ತುಳುವರಿಗೆ ಹೊಸ ವರ್ಷ ಬರುವುದು ಏಪ್ರಿಲ್ ಮಧ್ಯದ ಬಿಸುವಿಗೆ. ಹೀಗಾಗಿ 'ಕನ್ನಡಿಗರೆಲ್ಲ ಹೀಗೇ ಮಾಡುತ್ತಾರೆ' ಎನ್ನುವುದಕ್ಕಿಂತ 'ಎನ್ ಮಿ ಕಾಸಾ', ನಮ್ಮನೆಯಲ್ಲಿ ಹೀಗೆ, ಎಂದು ಶುರು ಮಾಡುವುದು ಕ್ಷೇಮ.

ಮೆಕ್ಸಿಕೋದಲ್ಲೂ ಸ್ಪೇನ್‌ನಲ್ಲೂ ಡಿಸೆಂಬರ್ 31ರ ನಡುರಾತ್ರಿ ಗಡಿಯಾರ ಹನ್ನೆರಡು ಹೊಡೆಯುವಾಗ ಒಂದೊಂದು ಗಂಟೆಗೆ ಒಂದೊಂದರಂತೆ ಹನ್ನೆರಡು ದ್ರಾಕ್ಷಿ ತಿನ್ನುತ್ತಾರೆ. 'ಲಾಸ್ ದೋಸೆ ಊವಾಸ್' ಎಂದು ಅದರ ಹೆಸರು. ಒಂದೊಂದು ದ್ರಾಕ್ಷಿಗೆ ಒಂದೊಂದು ಕೋರಿಕೆ. ಹೊಸ ವರ್ಷವನ್ನು ಒಂದು ತುತ್ತಿನಿಂದ ಶುರು ಮಾಡುವುದು ಅವರಿಗೆ ಹೊಸದಲ್ಲ. ಬೇವು-ಬೆಲ್ಲದ ಬಗ್ಗೆ ಹೇಳುತ್ತಿದ್ದ ಹಾಗೇ ಆಕೆ, 'ಓಹೋ, ನಿಮ್ಮ ದ್ರಾಕ್ಷಿ' ಎಂದಳು. ಇಲ್ಲಿ ಒಂದು ತಿದ್ದುಪಡಿ ಬೇಕು. ದ್ರಾಕ್ಷಿ ತಿನ್ನುವವರು ಏನನ್ನೋ ಬೇಡಿಕೊಳ್ಳುತ್ತಾರೆ. ಬೇವು-ಬೆಲ್ಲ ತಿನ್ನುವಾಗ ಯಾರೂ ಏನನ್ನೂ ಬೇಡುವುದಿಲ್ಲ, ಸಿಹಿ ಕಹಿ ಎರಡೂ ಬರಲಿ ಎಂದು ಒಪ್ಪಿಕೊಳ್ಳುತ್ತಾರೆ. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ಒಳ್ಳೆಯ ಮಾತಿದೆ: 'ಅಸೆಪ್ತಾರ್ ಲೋ ಕೆ ಬೆಂಗಾ'. ಬಂದದ್ದು ಬರಲಿ ಎನ್ನುವುದಕ್ಕೆ ಇದು ಬಹಳ ಹತ್ತಿರ. ಏನು ಬರುತ್ತದೋ ಗೊತ್ತಿಲ್ಲ ಎಂಬ ಅರ್ಥ ಆ ಕ್ರಿಯಾಪದದ ರೂಪದಲ್ಲೇ ಸೇರಿಕೊಂಡಿದೆ.

ಬೇವಿನ ಮರದ ವಿಷಯದಲ್ಲಿ ಮಾತ್ರ ಮಾತು ಅಳೆದು ತೂಗಿ ಆಡಬೇಕು. ಮೆಕ್ಸಿಕೋದ ಬಿಸಿಲು ನಾಡುಗಳಲ್ಲಿ ಬೇವನ್ನು ನೆಟ್ಟಿದ್ದಾರೆ, 'ನಿಮ್' ಎಂದು ಕರೆಯುತ್ತಾರೆ. ಆದರೆ ಅದರದೇ ಬಳಗದ ಇನ್ನೊಂದು ಮರ ಸ್ಪೇನ್‌ನ ಬೀದಿಗಳಲ್ಲೂ ಲ್ಯಾಟಿನ್ ಅಮೆರಿಕದ ಊರುಗಳಲ್ಲೂ ನೆರಳಿಗೆಂದು ಬೆಳೆಸಿದ್ದು ಇದೆ. ಅದರ ಹೆಸರು 'ಪಾರಾಯಿಸೋ'. ಸ್ಪೇನ್‌ನಲ್ಲಿ 'ಮೆಲಿಯಾ', 'ಸಿನಮೋಮೋ' ಅಂತಲೂ ಕರೆಯುತ್ತಾರೆ. ದೂರದಿಂದ ನೋಡಿದರೆ ಬೇವೇ ಅನ್ನಿಸುತ್ತದೆ, ಆದರೆ ಅದು ವಿಷದ ಮರ, ಕಾಯಿಯಂತೂ ಬಹಳ ಅಪಾಯ. ಗುರುತು ಹಿಡಿಯುವುದು ಸುಲಭ. ಬೇವಿನ ಕಡ್ಡಿಯ ಎರಡೂ ಕಡೆ ಎಲೆಗಳು ಒಂದೇ ಸಾಲಾಗಿ ಇರುತ್ತವೆ, ಹೂವು ಬಿಳಿ. ಪಾರಾಯಿಸೋದ ಕಡ್ಡಿ ಮತ್ತೆ ಕವಲೊಡೆದು ಆ ಕವಲುಗಳಲ್ಲಿ ಎಲೆ ಬಿಡುತ್ತದೆ, ಹೂವು ತಿಳಿ ನೇರಳೆ, ಎಲೆ ಉದುರಿದ ಮೇಲೂ ಹಳದಿ ಕಾಯಿಗೊಂಚಲು ಚಳಿಗಾಲವೆಲ್ಲ ಮರದಲ್ಲೇ ನೇತಾಡುತ್ತಿರುತ್ತದೆ. ಖಚಿತವಾಗದಿದ್ದರೆ ಬೀದಿಯ ಮರಕ್ಕೆ ಕೈ ಹಾಕುವುದೇ ಬೇಡ. ನಿಜವಾದ ಬೇವಾದರೂ ಬೆರಳ ತುದಿಯಷ್ಟೇ. ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಬರೀ ಬೆಲ್ಲ. ಬೇವಿನೆಣ್ಣೆಯ ಬಾಟಲಿ ಸಿಕ್ಕಿತೆಂದು ಅದನ್ನು ನಾಲಿಗೆಗೆ ಸೋಕಿಸಲೂ ಕೂಡದು.

ಬೆಲ್ಲಕ್ಕೆ ಹೆಸರು ಹುಡುಕುವ ಕಷ್ಟವಿಲ್ಲ, ಹೆಸರು ಹೆಚ್ಚಾಗಿರುವುದೇ ಕಷ್ಟ. ಕೊಲಂಬಿಯಾದವರಿಗೆ ಅದು 'ಪಾನೆಲಾ', ಪೆರುವಿನವರಿಗೆ 'ಚಾಂಕಾಕಾ', ವೆನೆಜುವೆಲಾದವರಿಗೆ 'ಪಾಪೆಲೋನ್', ಮೆಕ್ಸಿಕೋದವರಿಗೆ 'ಪಿಲೋನ್ಸಿಯೋ'. ನಾಲ್ಕೂ ಕಬ್ಬಿನ ಹಾಲು ಕಾಯಿಸಿ ಅಚ್ಚಿಗೆ ಹೊಯ್ದ ಬೆಲ್ಲವೇ. ಹೀಗಾಗಿ ಹಬ್ಬದ ಅಡುಗೆಯನ್ನು ಸ್ಪ್ಯಾನಿಷ್‌ನಲ್ಲಿ ಹೇಳಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದದ್ದು ಎದುರಿಗಿರುವವರ ಊರು ಯಾವುದು ಎಂದು. ಒಂದೇ ಪದ ಊರೂರಿಗೆ ಬೇರೆ ಬೇರೆ ಪಾತ್ರೆಗೆ ಬೀಳುತ್ತದೆ. ಒಬ್ಬಟ್ಟನ್ನು 'ಸಿಹಿ ತೋರ್ತಿಯಾ' ಎಂದರೆ ಮೆಕ್ಸಿಕೋದವರಿಗೆ ರೊಟ್ಟಿ ಕಣ್ಮುಂದೆ ಬರುತ್ತದೆ, ಸ್ಪೇನ್‌ನವರಿಗೆ ಮೊಟ್ಟೆ-ಆಲೂಗಡ್ಡೆಯ ಆಮ್ಲೆಟ್. ತುಪ್ಪವನ್ನು 'ಮಾಂತೇಕಾ' ಎಂದುಬಿಟ್ಟರೆ ಅರ್ಜೆಂಟೀನಾದವರು ಬೆಣ್ಣೆ ತರುತ್ತಾರೆ, ಮೆಕ್ಸಿಕೋದವರು ಹಂದಿಯ ಕೊಬ್ಬು. ಹಬ್ಬದ ದಿನ ಅದಾದರೆ ಕಥೆ ಮುಗಿಯಿತು. 'ಮಾಂತೆಕೀಯಾ ಕ್ಲಾರಿಫಿಕಾದಾ', ಕಾಯಿಸಿ ಸೋಸಿದ ಬೆಣ್ಣೆ ಎಂದರೆ ಎಲ್ಲ ಕಡೆಯೂ ಸುರಕ್ಷಿತ.

ಆಕೆಗೆ ಕೇಳಿ ತಿಳಿದದ್ದು ಸಾಲಲಿಲ್ಲ. ಗ್ವಾದಲಹಾರದ ಅಂಗಡಿಯಲ್ಲಿ ಸಿಕ್ಕುವ ಸಾಮಾನಿನಲ್ಲೇ ಒಬ್ಬಟ್ಟು ಮಾಡುತ್ತೇನೆ, ಹೇಳಿಕೊಡು ಎಂದು ಹಟ ಹಿಡಿದಳು. ನಮ್ಮ ಕಡೆ ಹೂರಣಕ್ಕೆ ತೊಗರಿಬೇಳೆ, ಉತ್ತರದ ಕಡೆ ಹೋಳಿಗೆಗೆ ಕಡಲೆಬೇಳೆ. ತೊಗರಿ ಸ್ಪ್ಯಾನಿಷ್ ನಾಡುಗಳಲ್ಲಿ ಇಲ್ಲದೇ ಇಲ್ಲ. ಪೋರ್ಟೋ ರಿಕೋದಲ್ಲಿ ಅದನ್ನು 'ಗಾಂದೂಲ್' ಎನ್ನುತ್ತಾರೆ, ಕ್ರಿಸ್‌ಮಸ್ ಊಟಕ್ಕೆ ತೊಗರಿಕಾಳಿನ ಅನ್ನವೇ ಮುಖ್ಯ. ಆಕೆಯ ಕೈಗೆ ಸುಲಭವಾಗಿ ಸಿಕ್ಕಿದ್ದು ಮಾತ್ರ ಗಾರ್ಬಾನ್ಸೋ, ಅಂದರೆ ನಮ್ಮ ಕಾಬೂಲಿ ಕಡಲೆ. ಇರಲಿ, ಉತ್ತರದ ಹೋಳಿಗೆಗೆ ಅದು ನೆಂಟನೇ.

ಒಂದು ಲೋಟ ಕಾಳನ್ನು ರಾತ್ರಿಯೆಲ್ಲ ನೆನೆಸಿ, ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಬೇಯಿಸಬೇಕು. ಬೆಂದ ಮೇಲೆ ತಿಕ್ಕಿ ಸಿಪ್ಪೆ ತೆಗೆಯಬೇಕು, ಇಲ್ಲವಾದರೆ ತಟ್ಟುವಾಗ ಸಿಪ್ಪೆಯ ಚೂರು ಕಣಕವನ್ನು ಹರಿಯುತ್ತದೆ. ಬೇಯಿಸಿದ ನೀರನ್ನು ಚೆಲ್ಲುವ ಹಾಗಿಲ್ಲ, ಅದು ಕಟ್ಟು, ಸಾರಿಗೆ ಬೇಕು. ಕಾಳು ಪೂರ್ತಿ ಬೇಯುವ ತನಕ ಬೆಲ್ಲದ ಕಡೆ ಕೈ ಹೋಗಬಾರದು. ಸಿಹಿ ಸೇರಿದ ಮೇಲೆ ಬೇಳೆ ಮೆತ್ತಗಾಗುವುದಿಲ್ಲ, ಎಷ್ಟು ಕುದಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ನೀರು ಬಸಿದ ಕಾಳಿಗೆ ಒಂದು ಲೋಟ ಪುಡಿ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕೆದಕುತ್ತಾ ನೀರಿನಂಶ ಹೋಗಲು ಬಿಟ್ಟು, ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿದರೆ ಹೂರಣ. ನಮ್ಮ ಅಜ್ಜಿಯರು ಇದನ್ನು ಒರಳಿಗೆ ಹಾಕುತ್ತಿದ್ದರು ಎಂದಾಗ, ಆಕೆಯ ಅಜ್ಜಿ ಚಾಕೊಲೇಟಿನ ಬೀಜ ಅರೆಯುತ್ತಿದ್ದ ಕಲ್ಲಿನ 'ಮೆತಾತೆ'ಯ ನೆನಪು ಬಂತು. ಅದು ಮನೆಯಲ್ಲಿ ಮೂಲೆ ಸೇರಿದೆಯಂತೆ. ನಮ್ಮ ಒರಳಿನ ಗತಿಯೂ ಅದೇ. ಇಬ್ಬರೂ ಮಿಕ್ಸಿಗೇ ಹಾಕಿದೆವು.

ಪಿಲೋನ್ಸಿಯೋ ಶಂಕುವಿನಾಕಾರದ ಗಟ್ಟಿ ಅಚ್ಚು, ಕೈಯಲ್ಲಿ ಪುಡಿಯಾಗುವುದಿಲ್ಲ. ಮೆಕ್ಸಿಕೋದವರು ಅದನ್ನು ಸಾಮಾನ್ಯವಾಗಿ ನೀರಲ್ಲಿ ಕುದಿಸಿ ಪಾಕ ಮಾಡಿಕೊಳ್ಳುತ್ತಾರೆ. ಯುಗಾದಿಯ ಸುಮಾರಿಗೇ ಬರುವ ಅವರ ಉಪವಾಸದ ದಿನಗಳಲ್ಲಿ ಬ್ರೆಡ್ಡಿಗೆ ಆ ಪಾಕ ಹೊಯ್ದು 'ಕಾಪಿರೋತಾದಾ' ಎಂಬ ಸಿಹಿ ಮಾಡುತ್ತಾರೆ. ಆಕೆಯೂ ಅದೇ ಅಭ್ಯಾಸದಲ್ಲಿ ಬೆಲ್ಲವನ್ನು ಪಾಕ ಮಾಡಿ ಹೂರಣಕ್ಕೆ ಸುರಿದಳು. ನೀರು ಹೆಚ್ಚಾಗಿ ಹೂರಣ ಗೊಜ್ಜಾಯಿತು. ವಿಡಿಯೋದಲ್ಲಿ ಹೂರಣದ ಬಣ್ಣ ಕಂಡೀತೇ ಹೊರತು ಅದರ ಹದ ಕಾಣುವುದಿಲ್ಲ. ಹೀಗಾಗಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಅಂಗೈ ಮೇಲೆ ಇಟ್ಟುಕೊಳ್ಳಲು ಹೇಳಿದೆ. ಉಂಡೆ ಹರಡಿತು, ಕೈಗೂ ಅಂಟಿತು. ಮತ್ತೆ ಬಾಣಲೆಗೆ ಹಾಕಿ, ಸವುಟು ನೆಟ್ಟರೆ ಬೀಳದೆ ನಿಲ್ಲುವ ತನಕ ಕೆದಕಿದ ಮೇಲೆ ಹದಕ್ಕೆ ಬಂತು. ಅಚ್ಚನ್ನು ತುರಿಮಣೆಯಲ್ಲಿ ತುರಿದುಕೊಂಡರೆ ಈ ಪಾಡು ಇರುವುದಿಲ್ಲ.

ಕಣಕದಲ್ಲೂ ಒಂದು ಬಲೆ ಇತ್ತು. ಹಿಟ್ಟು ನಾದಿದ್ದಕ್ಕೆ ಸ್ಪ್ಯಾನಿಷ್‌ನಲ್ಲಿ 'ಮಾಸಾ' ಎನ್ನುತ್ತಾರೆ, ಆದರೆ ಮೆಕ್ಸಿಕೋದ ಅಡುಗೆಮನೆಯಲ್ಲಿ ಬರೀ ಮಾಸಾ ಎಂದರೆ ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬಿದ ಮೆಕ್ಕೆಜೋಳ. ಅದಕ್ಕೆ ಗೋಧಿಯ ಜಿಗುಟಿಲ್ಲ, ಎಳೆದರೆ ತುಂಡಾಗುತ್ತದೆ, ಹೂರಣವನ್ನು ಅದು ಹೊದೆಯಲಾರದು. 'ಮಾಸಾ ದೆ ತ್ರೀಗೋ', ಗೋಧಿಯದು ಎಂದು ಬಿಡಿಸಿ ಹೇಳಬೇಕು. ಒಂದು ಲೋಟ ಮೈದಾಕ್ಕೆ ಚಿಟಿಕೆ ಅರಿಸಿನ, ಚಿಟಿಕೆ ಉಪ್ಪು ಹಾಕಿ ಚಪಾತಿ ಹಿಟ್ಟಿಗಿಂತ ಬಹಳ ಸಡಿಲವಾಗಿ ಕಲಸಿ, ಮೇಲೆ ಮೂರು-ನಾಲ್ಕು ಚಮಚ ಎಣ್ಣೆ ಹೊಯ್ದು ಎರಡು ಗಂಟೆ ನೆನೆಯಲು ಬಿಡಬೇಕು. ಒಂದು ಚೂರು ಹಿಡಿದು ಎಳೆದರೆ ತುಂಡಾಗದೆ ಉದ್ದಕ್ಕೆ ಬರಬೇಕು. ಹೂರಣದ ಉಂಡೆಯ ಅರ್ಧದಷ್ಟು ಕಣಕ ಸಾಕು. ತಟ್ಟುವುದಕ್ಕೆ ಬಾಳೆಲೆ ಎಲ್ಲಿ ಸಿಗುತ್ತದೆ ಎಂದು ನಾನು ಯೋಚಿಸುತ್ತಿದ್ದರೆ, ಆಕೆ ಸಂತೆಯಿಂದ ಒಂದು ಕಟ್ಟು ತಂದಿಟ್ಟಿದ್ದಳು. ಮೆಕ್ಸಿಕೋದ ದಕ್ಷಿಣದ ಕಡೆ ತಮಾಲೆಸ್ ಎಂಬ ಕಡುಬನ್ನು ಬೇಯಿಸುವುದೇ ಬಾಳೆಲೆಯಲ್ಲಿ ಸುತ್ತಿ. ಬೇಯಿಸಲು ಅವರ 'ಕೋಮಲ್' ಇದ್ದೇ ಇತ್ತು, ತೋರ್ತಿಯಾ ಸುಡುವ ಚಪ್ಪಟೆ ಹೆಂಚು, ನಮ್ಮ ಕಾವಲಿಯೇ. ಮಧ್ಯಮ ಉರಿ, ಎರಡೂ ಕಡೆ ತುಪ್ಪ. ಮೊದಲನೆಯದು ಅಂಚಿನಲ್ಲಿ ಹರಿಯಿತು. ಮೂರನೆಯದನ್ನು ನಮ್ಮತ್ತೆ ಫೋನಿನಲ್ಲಿ ನೋಡಿ, 'ಪರವಾಗಿಲ್ಲ ಕಣೇ, ಹುಡುಗಿಗೆ ಕೈ ಬಂದಿದೆ' ಎಂದರು. ಇದನ್ನು ಸ್ಪ್ಯಾನಿಷ್‌ಗೆ ಹೇಳುವಾಗ ಆ 'ಪರವಾಗಿಲ್ಲ'ವನ್ನು ನಾನು ಬಿಟ್ಟೆ.

ಒಬ್ಬಟ್ಟಿನ ಸಾರು ಅವರಿಗೆ ಅಚ್ಚರಿಯಾಗಲಿಲ್ಲ. ಕಟ್ಟಿನ ನೀರು, ಒಂದು ಹಿಡಿ ಹೂರಣ, ಹುಣಸೆ, ತೆಂಗಿನಕಾಯಿ, ಹುರಿದ ಮಸಾಲೆ. ಖಾರ-ಸಿಹಿ-ಹುಳಿ ಒಂದೇ ಬಟ್ಟಲಲ್ಲಿ ಇರುವುದು ಹುಣಸೆ ಮಿಠಾಯಿಗೂ ಮೆಣಸಿನಪುಡಿ ಸವರುವ ಜನಕ್ಕೆ ಹೊಸದೇನಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬದಲು ಅವರ ಗ್ವಾಹೀಯೋ ಮೆಣಸಿನಕಾಯಿ ಹಾಕಬಹುದು. ಬಣ್ಣ ಗಾಢ, ಖಾರ ಮಿತ. ಖಾರಕ್ಕೆ 'ಪಿಕಾಂತೆ' ಎನ್ನಬೇಕು. 'ಕಾಲಿಯೆಂತೆ' ಎಂದರೆ ಬಿಸಿ ಎಂದಷ್ಟೇ ಆಗಿ ಅವರು ಆರಿಸಿಕೊಂಡು ತಿನ್ನಲು ಕಾಯುತ್ತಾರೆ. ಮಾವಿನಕಾಯಿ ಚಿತ್ರಾನ್ನವೂ ಹಾಗೇ ಸಲೀಸು. 1565ರಿಂದ 1815ರವರೆಗೆ ಫಿಲಿಪ್ಪೀನ್ಸ್‌ನ ಮನಿಲಾದಿಂದ ಅಕಾಪುಲ್ಕೋಗೆ ಸ್ಪ್ಯಾನಿಷರ ಹಡಗುಗಳು ಓಡಾಡುತ್ತಿದ್ದವು. ಮೆಕ್ಸಿಕೋದ ಹೆಸರಾಂತ ಮಾವಿನ ತಳಿಗೆ ಇಂದಿಗೂ ಮನಿಲಾ ಎಂದೇ ಹೆಸರು. ಅತ್ತ ಕಡೆಯಿಂದ ನಮ್ಮ ಒಗ್ಗರಣೆಗೆ ಬಂದದ್ದು ಮೆಣಸಿನಕಾಯಿ ಮತ್ತು ಕಡಲೇಕಾಯಿ. ಮೆಣಸಿನಕಾಯಿಯ ತವರು ಮೆಕ್ಸಿಕೋ ಸೀಮೆ, ಕಡಲೇಕಾಯಿಯದು ದಕ್ಷಿಣ ಅಮೆರಿಕ. ಈ ಎರಡನ್ನೂ ಬಿಟ್ಟರೆ ಚಿತ್ರಾನ್ನದಲ್ಲಿ ಏನು ಉಳಿಯುತ್ತದೆ ಎಂದು ಆಕೆ ಕೇಳಿದ್ದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ.

ಕೋಸಂಬರಿಗೆ ಒಂದೇ ಎಚ್ಚರಿಕೆ. ಹೆಸರುಬೇಳೆಯನ್ನು ಬೇಯಿಸದೆ ತಿನ್ನುತ್ತೇವೆ ಎಂದರೆ ಗಾಬರಿಯಾಗುತ್ತಾರೆ. ಅವರ ದಿನನಿತ್ಯದ ಕಾಳು 'ಫ್ರಿಹೋಲ್', ನಮ್ಮ ಹುರುಳಿಕಾಯಿಯ ಬೀಜದ ಜಾತಿ. ಅದನ್ನು ಹಸಿಯಾಗಿ ತಿಂದರೆ ನಿಜಕ್ಕೂ ಹೊಟ್ಟೆ ಕೆಡುತ್ತದೆ. 'ರೆಮೋಹಾದೋ', ನೆನೆಸಿದ್ದು, ಎಂಬ ಮಾತನ್ನು ಒತ್ತಿ ಹೇಳಿ, ಇದು ಸಿಪ್ಪೆ ತೆಗೆದು ಒಡೆದ ಬೇರೆ ಕಾಳು ಎಂದು ತಿಳಿಸಬೇಕು. ಬದಲಿಗೆ ಅವರ ಮನೆಯ ಕಾಳನ್ನು ಹಾಕಲು ಬಿಡಬಾರದು.

ಯಾರನ್ನಾದರೂ ಹಬ್ಬದೂಟಕ್ಕೆ ಕರೆದರೆ ಅವರು ಕೈಯಲ್ಲಿ ಏನಾದರೂ ಹಿಡಿದು ಬರುವುದುಂಟು. ಊಟದಲ್ಲಿ 'ಕಾರ್ನೆ' ಇಲ್ಲ ಎಂದರೆ ಹಲವರಿಗೆ ದನ-ಹಂದಿಯ ಮಾಂಸ ಇಲ್ಲ ಎಂದಷ್ಟೇ ಅರ್ಥ, ಕೋಳಿ ಮೀನು ನಡೆಯುತ್ತದೆ ಅಂದುಕೊಳ್ಳುತ್ತಾರೆ. ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಅವರು ಮಾಂಸ ಬಿಡುವುದೂ ಹೀಗೇ, ಮೀನಿಗೆ ಅಡ್ಡಿಯಿಲ್ಲ. 'ನಿ ಕಾರ್ನೆ, ನಿ ಪೋಯೋ, ನಿ ಪೆಸ್ಕಾದೋ, ನಿ ಉಯೇವೋ' ಎಂದು ಮಾಂಸ, ಕೋಳಿ, ಮೀನು, ಮೊಟ್ಟೆ ನಾಲ್ಕನ್ನೂ ಹೆಸರಿಟ್ಟು ಹೇಳಿಬಿಡುವುದು ಮೇಲು.

ಇಷ್ಟೆಲ್ಲ ಹೇಳಿ ಮುಗಿಸುವಾಗ ಆಕೆ ರಜೆಯ ಅರ್ಜಿಯನ್ನು ಮತ್ತೆ ನೋಡಿ, ಎರಡನೆಯ ದಿನ ಯಾಕೆ ಎಂದಳು. ಅದು ಹೊಸತೊಡಕು. ಹಳೇ ಮೈಸೂರಿನ ಹಳ್ಳಿಗಳಲ್ಲೂ ಬೆಂಗಳೂರಿನಲ್ಲೂ ಯುಗಾದಿಯ ಮರುದಿನ ಮಾಂಸದೂಟ. ಬೆಳಕು ಹರಿಯುವ ಮುಂಚೆಯೇ ಮಟನ್ ಅಂಗಡಿಗಳ ಮುಂದೆ ಸಾಲು ನಿಂತಿರುತ್ತದೆ. ಹಳ್ಳಿಯಲ್ಲಿ ನಾಲ್ಕು ಮನೆಯವರು ಸೇರಿ ಒಂದು ಮರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಳ್ಳುವುದೂ ಇದೆ. ಇಸ್ಪೀಟಿನ ಎಲೆಗಳೂ ಅವತ್ತು ಹೊರಬರುತ್ತವೆ. ಮೊದಲ ದಿನ ಮೊಟ್ಟೆಯನ್ನೂ ಮುಟ್ಟದವರು ಎರಡನೆಯ ದಿನ ಹೀಗಾ ಎಂದು ನಕ್ಕ ಆಕೆಗೆ ಅರ್ಥ ಮಾಡಿಸಲು ಕಷ್ಟವಾಗಲಿಲ್ಲ. ಗ್ವಾದಲಹಾರ ಇರುವ ಹಲಿಸ್ಕೋ ಪ್ರಾಂತ್ಯ ಆಡಿನ ಮಾಂಸದ 'ಬಿರ್ರಿಯಾ' ಸಾರಿಗೆ ಹೆಸರಾದದ್ದು. ಮಾಂಸ ತಿನ್ನದ ಮನೆಗಳವರು ಅವತ್ತು ಏನು ಮಾಡುತ್ತಾರೆ ಎಂಬುದು ಆಕೆಯ ಕೊನೆಯ ಪ್ರಶ್ನೆ. ಅವರು ಹಿಂದಿನ ದಿನದ ಒಬ್ಬಟ್ಟನ್ನು ಹೆಂಚಿನ ಮೇಲೆ ಬಿಸಿ ಮಾಡಿ ಹಾಲಿನಲ್ಲಿ ಅದ್ದಿಕೊಂಡು ತಿನ್ನುತ್ತಾರೆ, ಕುದಿಸಿ ಗಟ್ಟಿಯಾದ ಒಬ್ಬಟ್ಟಿನ ಸಾರಿಗೆ ಅನ್ನ ಕಲಸಿಕೊಳ್ಳುತ್ತಾರೆ. ಆ ಸಾರು ಎರಡನೆಯ ದಿನವೇ ರುಚಿ.